ಕ್ಯಾಟಲಾಗಿನ ಸರವನ್ನು ಭಾವಚಿತ್ರದ ಕೊರಳಿಗೆ ಹಾಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆಯ ಆಲ್ಬಂ ಇರಲಿ, ಷಷ್ಟ್ಯಬ್ದಿಯ ಬ್ಯಾನರ್ ಇರಲಿ, ಗೋಡೆಗೆ ಹಾಕಲು ದೊಡ್ಡದು ಮಾಡಿಸುವ ಅಜ್ಜಿಯ ಫೋಟೊ ಇರಲಿ, "ಕೊರಳು ಬರಿದಾಗಿ ಕಾಣುತ್ತದೆ, ಒಂದು ಸರ ಹಾಕಿಕೊಡಿ" ಎನ್ನುವ ಕೋರಿಕೆ ಸ್ಟುಡಿಯೊಗಳಿಗೆ ಹೊಸದಲ್ಲ. ಆ ಕೆಲಸವನ್ನು ತಾವೇ ಮಾಡಲು ಕುಳಿತವರು ಕೇಳುವ ಪ್ರಶ್ನೆಗಳು ಇಲ್ಲಿವೆ.

ಉತ್ತರಗಳಿಗೆಲ್ಲ ಒಂದೇ ಉದಾಹರಣೆಯನ್ನು ಇಟ್ಟುಕೊಂಡಿದ್ದೇನೆ. ಮೈಸೂರು ರೇಷ್ಮೆ ಸೀರೆಯುಟ್ಟ ಮಹಿಳೆಯ ಎದೆಮಟ್ಟದ ಭಾವಚಿತ್ರ ಒಂದಿದೆ. ಅದರ ಗಾತ್ರ 2400 × 3000 ಪಿಕ್ಸೆಲ್, ಅಂದರೆ 8 × 10 ಇಂಚಿನ ಮುದ್ರಣಕ್ಕೆ ಸಾಕಾಗುವಷ್ಟು. ಬೆಳಕು ಚಿತ್ರದ ಎಡ ಮೇಲ್ಭಾಗದಿಂದ ಬರುತ್ತಿದೆ. ಹಾಕಬೇಕಾದದ್ದು ಬಿಳಿ ಹಿನ್ನೆಲೆಯ ಕ್ಯಾಟಲಾಗ್ ಚಿತ್ರದಲ್ಲಿರುವ ಲಕ್ಷ್ಮೀ ಕಾಸಿನ ಸರ. ಮೆನುಗಳ ಹೆಸರು Photoshop ತಂತ್ರಾಂಶದವು. ಬೇರೆ ತಂತ್ರಾಂಶ ಬಳಸುವವರಿಗೆ ಅಗತ್ಯವಿದ್ದಲ್ಲಿ ಬೇರೆ ಹೇಳಿದ್ದೇನೆ.

## ಶುರು ಮಾಡುವ ಮುನ್ನ

ಕ್ಯಾಟಲಾಗಿನ ಯಾವ ಚಿತ್ರವಾದರೂ ನಡೆಯುತ್ತದೆಯೇ?

ನಡೆಯುವುದಿಲ್ಲ. ಅರ್ಧ ಕೆಲಸ ಚಿತ್ರದ ಆಯ್ಕೆಯಲ್ಲೇ ಮುಗಿಯುತ್ತದೆ ಅಥವಾ ಕೆಡುತ್ತದೆ.

ಕ್ಯಾಟಲಾಗುಗಳಲ್ಲಿ ಸರವನ್ನು ಸಾಮಾನ್ಯವಾಗಿ ಮೂರು ಬಗೆಯಲ್ಲಿ ತೋರಿಸುತ್ತಾರೆ: ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ, ಕೊರಳಿನಾಕಾರದ ಸ್ಟ್ಯಾಂಡಿಗೆ ಹಾಕಿ, ರೂಪದರ್ಶಿಗೆ ತೊಡಿಸಿ. ಭಾವಚಿತ್ರದಲ್ಲಿರುವವರು ನೇರವಾಗಿ ಕ್ಯಾಮೆರಾದತ್ತ ತಿರುಗಿದ್ದರೆ ಸ್ಟ್ಯಾಂಡಿನ ಚಿತ್ರವೇ ಉತ್ತಮ. ಅದರಲ್ಲಿ ಪಕ್ಕದ ಕಾಸುಗಳು ಆಗಲೇ ಹಿಂದಕ್ಕೆ ತಿರುಗಿರುತ್ತವೆ, ತೂಕಕ್ಕೆ ಸರ ಇಳಿಬಿದ್ದ ಬಗೆಯೂ ಸಹಜವಾಗಿರುತ್ತದೆ. ಮೈ ಸ್ವಲ್ಪ ಓರೆಯಾಗಿದ್ದರೆ ಚಪ್ಪಟೆ ಹರಡಿದ ಚಿತ್ರವೇ ವಾಸಿ, ಏಕೆಂದರೆ ಅದನ್ನು ಬೇಕಾದಂತೆ ಬಗ್ಗಿಸಬಹುದು. ರೂಪದರ್ಶಿಯ ಚಿತ್ರವನ್ನು ನಾನು ಸಾಧ್ಯವಾದಷ್ಟೂ ಮುಟ್ಟುವುದಿಲ್ಲ. ಆಕೆಯ ಚರ್ಮದ ಬಣ್ಣ ಚಿನ್ನದ ಪ್ರತಿಯೊಂದು ಅಂಚಿನಲ್ಲೂ ಸೇರಿಕೊಂಡಿರುತ್ತದೆ.

ಇನ್ನೊಂದು ಷರತ್ತು ಗಾತ್ರದ್ದು. ಸರವನ್ನು ಚಿಕ್ಕದು ಮಾಡಿ ಕೂರಿಸಬಹುದು, ದೊಡ್ಡದು ಮಾಡಿದರೆ ಕಾಸಿನ ಮೇಲಿನ ಲಕ್ಷ್ಮಿ ಹಿಟ್ಟಿನ ಉಂಡೆಯಂತಾಗುತ್ತಾಳೆ. ಹಾಗಾಗಿ ಪುಟದಲ್ಲಿ ಮೊದಲು ಕಾಣುವ ಪುಟ್ಟ ಚಿತ್ರವನ್ನಲ್ಲ, ಹಿಗ್ಗಿಸಿ ನೋಡಲು ಕೊಟ್ಟಿರುವ ದೊಡ್ಡ ಚಿತ್ರವನ್ನು ತೆಗೆದುಕೊಳ್ಳಿ.

ಅಂಗಡಿಯವರ ಅನುಮತಿ ಬೇಕೇ?

ಕ್ಯಾಟಲಾಗಿನ ಫೋಟೊಗೂ ಹಕ್ಕುಸ್ವಾಮ್ಯವಿದೆ. ಭಾರತದ 1957ರ ಕಾಯಿದೆಯ ಪ್ರಕಾರ ಪ್ರಕಟವಾದ ಫೋಟೊದ ಹಕ್ಕು 60 ವರ್ಷ ಉಳಿಯುತ್ತದೆ. ಸ್ಟುಡಿಯೊದವರು ಹಣ ಪಡೆದು ಮಾಡುವ ಕೆಲಸಕ್ಕೆ, ಜಾಹೀರಾತಿಗೆ, ಬ್ಯಾನರಿಗೆ ಅನುಮತಿ ಕೇಳುವುದೇ ಸರಿ. ಇದಕ್ಕಿಂತ ಸುಲಭದ ದಾರಿ ಗ್ರಾಹಕರ ಮನೆಯಲ್ಲೇ ಇರುವ ಸರವನ್ನು ಬಿಳಿ ಹಾಳೆಯ ಮೇಲಿಟ್ಟು, ಕಿಟಕಿಯ ಬೆಳಕಿನಲ್ಲಿ ನೀವೇ ಫೋಟೊ ತೆಗೆಯುವುದು. ಭಾವಚಿತ್ರದ ಬೆಳಕು ಯಾವ ಕಡೆಯಿಂದ ಬರುತ್ತಿದೆಯೋ ಕಿಟಕಿಯನ್ನೂ ಅದೇ ಕಡೆಗೆ ಇಟ್ಟುಕೊಳ್ಳಬಹುದು.

Photoshop ಇಲ್ಲ, ಆಗುವುದಿಲ್ಲವೇ?

ಆಗುತ್ತದೆ. ಬ್ರೌಸರಿನಲ್ಲೇ ತೆರೆಯುವ Photopea ತಂತ್ರಾಂಶದಲ್ಲಿ ಲೇಯರ್, ಬೇಡದ ಭಾಗವನ್ನು ಅಳಿಸದೆ ಮರೆಮಾಡುವ ಮಾಸ್ಕ್, ಪಿನ್ ಹಾಕಿ ಚಿತ್ರವನ್ನು ಬಗ್ಗಿಸುವ Puppet Warp ಎಲ್ಲವೂ ಇವೆ. ಉಚಿತವಾದ GIMP ತಂತ್ರಾಂಶದಲ್ಲಿ Puppet Warp ಇಲ್ಲ. ಅದರ ಬದಲು Cage Transform ಬಳಸಬೇಕು. ಅದರಲ್ಲಿ ಬಗ್ಗಿಸಿ ಕಡತ ಮುಚ್ಚಿದ ಮೇಲೆ ಹಿಂದಿನ ಆಕಾರಕ್ಕೆ ಮರಳಲು ದಾರಿ ಇರುವುದಿಲ್ಲವಾದ್ದರಿಂದ ಪ್ರತಿ ಹಂತಕ್ಕೂ ಲೇಯರಿನ ಒಂದು ಪ್ರತಿ ತೆಗೆದಿಡಿ. ಮೊಬೈಲ್ ಆ್ಯಪುಗಳಲ್ಲಿ ಸರವನ್ನು ಕೂರಿಸುವುದೇನೋ ಆಗುತ್ತದೆ, ನೆರಳನ್ನು ಬೇರೆಯಾಗಿ ತಿದ್ದುವುದು ಕಷ್ಟ.

## ಸರವನ್ನು ಬಿಡಿಸಿಕೊಳ್ಳುವುದು

ಹಿನ್ನೆಲೆ ಬಿಳಿಯೇ ಇದೆಯಲ್ಲ, Multiply ಮಾಡಿದರೆ ಸಾಲದೇ?

Multiply ಕ್ರಮದಲ್ಲಿ ಬಿಳಿ ಮಾಯವಾಗುತ್ತದೆ ನಿಜ, ಆದರೆ ಚಿನ್ನವೂ ಪಾರದರ್ಶಕವಾಗುತ್ತದೆ. ಸರದ ಹೊಳಪಿರುವ ಜಾಗಗಳೂ ಬಿಳಿಯೇ ಆದ್ದರಿಂದ ಅಲ್ಲೆಲ್ಲ ಚರ್ಮ ಇಣುಕುತ್ತದೆ. ಆಭರಣ ಹೋಗಿ ಕೊರಳ ಮೇಲೆ ಮದರಂಗಿ ಬರೆದಂತೆ ಕಾಣುತ್ತದೆ. ಮುತ್ತಿನ ಸರವಾದರಂತೂ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ಮಾಸ್ಕ್ ಮಾಡಲೇಬೇಕು.

ಸಣ್ಣ ಸಣ್ಣ ಕೊಂಡಿಗಳ ನಡುವಿನ ಬಿಳಿಯನ್ನು ಒಂದೊಂದಾಗಿ ಅಳಿಸಬೇಕೇ?

ಬೇಡ. ಚಿನ್ನದ ಬಣ್ಣವೇ ಇಲ್ಲಿ ನೆರವಿಗೆ ಬರುತ್ತದೆ. ಹಳದಿಯಲ್ಲಿ ನೀಲಿಯ ಅಂಶ ತೀರಾ ಕಡಿಮೆ. ಆದ್ದರಿಂದ Channels ಫಲಕದಲ್ಲಿ Blue ಒಂದನ್ನೇ ನೋಡಿದರೆ ಬಿಳಿ ಹಿನ್ನೆಲೆ ಬಿಳಿಯಾಗಿಯೇ ಉಳಿದು ಚಿನ್ನ ಕಡುಬೂದಿಯಾಗಿ ಕಾಣುತ್ತದೆ. Red ಚಾನೆಲ್ಲಿನಲ್ಲಿ ಎರಡೂ ಬೆಳ್ಳಗಿರುತ್ತವೆ, ಅದು ಉಪಯೋಗಕ್ಕೆ ಬಾರದು.

Blue ಚಾನೆಲ್ಲಿನ ಪ್ರತಿ ಮಾಡಿ, `Ctrl+L` ಒತ್ತಿ Levels ತೆರೆಯಿರಿ. ಚಿನ್ನ ಪೂರ್ತಿ ಕಪ್ಪಾಗುವವರೆಗೆ ಕಪ್ಪಿನ ಗುಂಡಿಯನ್ನು ಬಲಕ್ಕೆ ಎಳೆಯಿರಿ. ಬಿಳಿಯ ಗುಂಡಿಯನ್ನು ಸ್ವಲ್ಪ ಎಡಕ್ಕೆ ತಂದರೆ ಹಾಳೆಯ ಮೇಲೆ ಬಿದ್ದ ಮಸುಕು ನೆರಳು ಹೋಗುತ್ತದೆ. ಆಮೇಲೆ `Ctrl+I` ಒತ್ತಿ ಮಗುಚಿ, `Ctrl` ಹಿಡಿದು ಆ ಚಾನೆಲ್ಲಿನ ಮೇಲೆ ಕ್ಲಿಕ್ ಮಾಡಿದರೆ ಸರ ಆಯ್ಕೆಯಾಗುತ್ತದೆ. ಅದನ್ನೇ ಲೇಯರ್ ಮಾಸ್ಕ್ ಮಾಡಿಕೊಳ್ಳಿ.

ಉಳಿಯುವ ತೊಂದರೆ ಒಂದೇ. ಕಾಸುಗಳ ಮೇಲೆ ಬೆಳಕು ಮಿಂಚಿದ ಕಡೆ ನೀಲಿಯೂ ತುಂಬಿರುವುದರಿಂದ ಮಾಸ್ಕಿನಲ್ಲಿ ತೂತು ಬೀಳುತ್ತದೆ. ಸರದ ಕೆಳಗೆ ಕಡು ಕೆಂಪಿನ ಲೇಯರ್ ಒಂದನ್ನು ತುಂಬಿ ನೋಡಿದರೆ ತೂತುಗಳೆಲ್ಲ ಕೆಂಪಾಗಿ ಕಾಣುತ್ತವೆ. ಬಿಳಿ ಬ್ರಶ್ಶಿನಿಂದ ಮಾಸ್ಕಿನ ಮೇಲೆ ಅವನ್ನು ಮುಚ್ಚಿ. ಕೊಂಡಿಗಳ ನಡುವಿನ ನಿಜವಾದ ಸಂದುಗಳು ಮುಚ್ಚಿಹೋಗದಂತೆ ನೋಡಿಕೊಳ್ಳಿ.

ಬೆಳ್ಳಿ, ಮುತ್ತು, ವಜ್ರಗಳಿಗೆ ಈ ಉಪಾಯ ನಡೆಯುವುದಿಲ್ಲ. ಅವಕ್ಕೆ ಪೆನ್ ಟೂಲಿನಿಂದ ಹೊರ ಅಂಚನ್ನು ಎಳೆಯುವುದೇ ದಾರಿ.

ಅಂಚಿನಲ್ಲಿ ಬಿಳಿ ಗೆರೆ ಉಳಿಯುತ್ತದೆ, ಎಷ್ಟು ತಿದ್ದಿದರೂ ಹೋಗುವುದಿಲ್ಲ.

ಅಂಚಿನ ಪಿಕ್ಸೆಲ್‌ಗಳಲ್ಲಿ ಚಿನ್ನ ಮತ್ತು ಬಿಳಿ ಹಾಳೆ ಬೆರೆತಿರುತ್ತವೆ. ಬಿಳಿ ಹಾಳೆಯ ಮೇಲೆ ಕಾಣದ ಆ ಬೆರಕೆ ಗೋಧಿಬಣ್ಣದ ಚರ್ಮದ ಮೇಲೆ ಎದ್ದು ಕಾಣುತ್ತದೆ. ಮಾಸ್ಕನ್ನು ಲೇಯರಿಗೆ ಅನ್ವಯಿಸಿ `Layer > Matting > Defringe` ತೆರೆದು 1 ಪಿಕ್ಸೆಲ್ ಕೊಡಿ. ಒಳಗಿನ ಚಿನ್ನದ ಬಣ್ಣ ಅಂಚಿಗೂ ಹರಡುತ್ತದೆ. ದಪ್ಪ ಕಾಸುಗಳಿಗೆ 2 ಪಿಕ್ಸೆಲ್ ಕೊಡಬಹುದು, ಎಳೆಯಂಥ ಸರಪಳಿಗೆ 1 ದಾಟಬೇಡಿ. ಸರವನ್ನು ಚಿಕ್ಕದು ಮಾಡುವ ಮೊದಲೇ ಇದನ್ನು ಮುಗಿಸಿ.

## ಅಳತೆ ಮತ್ತು ಬಾಗು

ಸರ ಎಷ್ಟು ದೊಡ್ಡದಿರಬೇಕು ಎಂದು ಕಣ್ಣಳತೆಯಲ್ಲೇ ನಿರ್ಧರಿಸಬೇಕೇ?

ಕಣ್ಣಳತೆಗೆ ಬಿಟ್ಟರೆ ಬಹುಪಾಲು ಎಲ್ಲರೂ ಸರವನ್ನು ದೊಡ್ಡದಾಗಿಯೇ ಕೂರಿಸುತ್ತಾರೆ. ಕ್ಯಾಟಲಾಗಿನಲ್ಲಿ ಪರದೆ ತುಂಬ ನೋಡಿದ ಸರ ಮನಸ್ಸಿನಲ್ಲಿ ಹಾಗೆಯೇ ಉಳಿದಿರುತ್ತದೆ. ಮುಖದಲ್ಲೇ ಒಂದು ಅಳತೆಪಟ್ಟಿ ಇದೆ, ಅದನ್ನು ಬಳಸಿ.

ವಯಸ್ಕರ ಕಣ್ಣಿನ ಬಿಳಿಯ ನಡುವೆ ಇರುವ ಇಡೀ ಬಣ್ಣದ ವೃತ್ತದ ಅಡ್ಡಗಲ ಸುಮಾರು 11.7 ಮಿ.ಮೀ. ಇದು ಒಬ್ಬರಿಂದ ಒಬ್ಬರಿಗೆ ಹೆಚ್ಚು ಬದಲಾಗುವುದಿಲ್ಲ. ನಮ್ಮ ಭಾವಚಿತ್ರದಲ್ಲಿ ಅದು 58 ಪಿಕ್ಸೆಲ್ ಇದೆ. ಅಂದರೆ ಒಂದು ಮಿಲಿಮೀಟರಿಗೆ ಸುಮಾರು 5 ಪಿಕ್ಸೆಲ್. ಮುಖ ನೇರವಾಗಿದ್ದರೆ ಎರಡು ಕಣ್ಣುಗಳ ಆ ವೃತ್ತಗಳ ನಡುಬಿಂದುಗಳ ದೂರವನ್ನೂ ಅಳೆದು ತಾಳೆ ನೋಡಬಹುದು. ಹೆಂಗಸರಲ್ಲಿ ಅದು ಸರಾಸರಿ 62 ಮಿ.ಮೀ. ಹತ್ತಿರ, ನಮ್ಮಲ್ಲಿ 310 ಪಿಕ್ಸೆಲ್. ಎರಡೂ ಹೊಂದಿದವು.

ಈಗ ಸರದ ಕಡೆ ಬನ್ನಿ. ಕ್ಯಾಟಲಾಗಿನಲ್ಲಿ ಕಾಸಿನ ವ್ಯಾಸ 14 ಮಿ.ಮೀ. ಎಂದು ಕೊಟ್ಟಿದ್ದಾರೆ ಎನ್ನೋಣ. ಭಾವಚಿತ್ರದಲ್ಲಿ ಅದು 70 ಪಿಕ್ಸೆಲ್ ಆಗಬೇಕು. ಕ್ಯಾಟಲಾಗ್ ಚಿತ್ರದಲ್ಲಿ ಅಳೆದರೆ 84 ಪಿಕ್ಸೆಲ್ ಇದೆ. 70ನ್ನು 84ರಿಂದ ಭಾಗಿಸಿದರೆ 0.83. ಸರವನ್ನು 83 ಶೇಕಡಾಕ್ಕೆ ಇಳಿಸಿದರೆ ಅಳತೆ ಸರಿಹೋಯಿತು. ಇಳಿಸುವ ಮೊದಲು ಲೇಯರನ್ನು Smart Object ಮಾಡಿಕೊಂಡರೆ ಆಮೇಲೆ ಮನಸ್ಸು ಬದಲಾದರೂ ಚಿತ್ರ ಕೆಡುವುದಿಲ್ಲ.

ಕಾಸಿನ ಅಳತೆಯನ್ನೇ ಕೊಡದ ಕ್ಯಾಟಲಾಗುಗಳೂ ಇವೆ. ಆಗ ಸರದ ಒಟ್ಟು ಉದ್ದ ಎಷ್ಟು ಇಂಚು ಎಂದು ನೋಡಿ. ಕೊರಳಿಗೆ ಅಂಟಿದಂತೆ ಕೂರುವ ಸರ 14ರಿಂದ 16 ಇಂಚು, ಗಂಟಲಿನ ಗುಳಿಯಿಂದ ಸ್ವಲ್ಪ ಕೆಳಗೆ ಬರುವುದು 18, ಎದೆಯ ಮೇಲೆ ಇಳಿಯುವುದು 24 ಅಥವಾ ಅದಕ್ಕಿಂತ ಹೆಚ್ಚು.

ಸರ ಯಾವ ದಾರಿಯಲ್ಲಿ ಇಳಿಯಬೇಕು ಎಂದು ಹೇಗೆ ಗೊತ್ತಾಗುತ್ತದೆ?

ಸರವನ್ನು ಮರೆತು ಮೊದಲು ಮೈಯನ್ನು ನೋಡಿ. ಹೊಸ ಲೇಯರಿನಲ್ಲಿ ಎರಡು ಗುರುತು ಹಾಕಿ. ಮೊದಲನೆಯದು ಗಂಟಲಿನ ಬುಡದಲ್ಲಿ ಎರಡು ಕೊರಳೆಲುಬುಗಳು ಸೇರುವ ಕಡೆ ಇರುವ ಗುಳಿ. ಎರಡನೆಯದು ಕತ್ತಿನ ಪಕ್ಕದ ಗೆರೆ ಹೆಗಲಿನ ಇಳಿಜಾರಿಗೆ ತಿರುಗುವ ಮೂಲೆ. ಇದು ಎರಡೂ ಬದಿಯಲ್ಲಿದೆ. ಸರ ಹಿಂದಿನಿಂದ ಬಂದು ಈ ಮೂಲೆಯ ಮೇಲಿನಿಂದಲೇ ಮುಂದಕ್ಕೆ ಇಳಿಯುತ್ತದೆ. ಕತ್ತಿನ ನಡುಮಟ್ಟದಿಂದ ಶುರುವಾಗುವ ಸರ ಎಂದರೆ ಅಂಟಿಸಿದ್ದು ಎಂದು ಯಾರಿಗಾದರೂ ಗೊತ್ತಾಗುತ್ತದೆ.

ಮೂಲೆಯಿಂದ ಕೆಳಗೆ ಸರ ಒಂದೇ ಬಾಗಿನಲ್ಲಿ ಹರಿಯುವುದಿಲ್ಲ. ಹೆಗಲಿನ ಇಳಿಜಾರಿನಲ್ಲಿ ಅದು ಕಡಿದಾಗಿ, ಹೆಚ್ಚುಕಡಿಮೆ ನೇರವಾಗಿ ಬರುತ್ತದೆ. ಕೊರಳೆಲುಬನ್ನು ದಾಟುವಲ್ಲಿ ಸ್ವಲ್ಪ ಮುಂದಕ್ಕೆ ಉಬ್ಬುತ್ತದೆ. ಅದರ ಕೆಳಗೆ ಎದೆಯ ಮೇಲೆ ಬಂದ ಮೇಲಷ್ಟೇ ದುಂಡಾಗಿ ತಿರುಗಿ ಇನ್ನೊಂದು ಬದಿಯನ್ನು ಸೇರುತ್ತದೆ. ಪೆನ್ ಟೂಲಿನಿಂದ ಈ ದಾರಿಯನ್ನು ಮೂರೋ ನಾಲ್ಕೋ ಬಿಂದುಗಳಲ್ಲಿ ಎಳೆದುಕೊಳ್ಳಿ. ಆ ಗೆರೆಯೇ ನಿಮ್ಮ ಅಚ್ಚು. ಸರವನ್ನು ಅದಕ್ಕೆ ಹೊಂದಿಸಬೇಕೇ ಹೊರತು ಸರಕ್ಕೆ ತಕ್ಕಂತೆ ಗೆರೆಯನ್ನು ತಿದ್ದಬಾರದು.

ಕ್ಯಾಮೆರಾದ ಎತ್ತರವೂ ಬಾಗನ್ನು ಬದಲಿಸುತ್ತದೆ. ಮೇಲಿನಿಂದ ತೆಗೆದ ಫೋಟೊದಲ್ಲಿ ಬಾಗು ಆಳವಾಗಿಯೂ ಕೆಳಗಿನಿಂದ ತೆಗೆದದ್ದರಲ್ಲಿ ಚಪ್ಪಟೆಯಾಗಿಯೂ ಕಾಣುತ್ತದೆ. ರವಿಕೆಯ ಕೊರಳಂಚು ಕಾಣುತ್ತಿದ್ದರೆ ಅದರ ಬಾಗನ್ನೇ ನೋಡಿ ಅಂದಾಜು ಮಾಡಬಹುದು.

Puppet Warp ಮಾಡಿದರೆ ದುಂಡಗಿನ ಕಾಸುಗಳು ಮೊಟ್ಟೆಯಾಗುತ್ತವೆ. ಏನು ಮಾಡಲಿ?

ತಂತ್ರಾಂಶಕ್ಕೆ ಕಾಸು ಗಟ್ಟಿ, ದಾರ ಮೆತುವು ಎಂಬುದು ತಿಳಿಯದು. ಅದು ಎಲ್ಲವನ್ನೂ ರಬ್ಬರಿನಂತೆ ಎಳೆಯುತ್ತದೆ. ಸಣ್ಣ ಬದಲಾವಣೆಯಾದರೆ `Edit > Puppet Warp` ತೆರೆದು ಮೇಲಿನ ಪಟ್ಟಿಯಲ್ಲಿ Mode ಇರುವ ಕಡೆ Rigid ಆರಿಸಿ. ಎರಡು ತುದಿಗಳಿಗೆ, ಎರಡೂ ಕೊರಳೆಲುಬಿನ ಜಾಗಕ್ಕೆ, ಕೆಳಗಿನ ನಡುಭಾಗಕ್ಕೆ ಹೀಗೆ ಐದು ಪಿನ್ ಸಾಕು. ಪಿನ್ ಹೆಚ್ಚಾದಷ್ಟೂ ಅಲೆಅಲೆಯಾಗುವ ಅಪಾಯವೂ ಹೆಚ್ಚು. `Alt` ಹಿಡಿದು ಪಿನ್ನಿನ ಪಕ್ಕಕ್ಕೆ ಹೋದರೆ ಅಲ್ಲಿನ ಭಾಗವನ್ನು ತಿರುಗಿಸಲು ವೃತ್ತವೊಂದು ಬರುತ್ತದೆ. ಎಳೆಯುವುದಕ್ಕಿಂತ ತಿರುಗಿಸುವುದರಿಂದ ಕಾಸುಗಳಿಗೆ ಆಗುವ ಹಾನಿ ಕಡಿಮೆ.

ಕ್ಯಾಟಲಾಗಿನ ಬಾಗಿಗೂ ಮೈಯ ಬಾಗಿಗೂ ತುಂಬ ವ್ಯತ್ಯಾಸವಿದ್ದರೆ ನಾನು ಬಗ್ಗಿಸುವ ಗೋಜಿಗೇ ಹೋಗುವುದಿಲ್ಲ, ಸರವನ್ನು ತುಂಡು ಮಾಡುತ್ತೇನೆ. ಎರಡು ಮೂರು ಕಾಸುಗಳಿಗೆ ಒಂದರಂತೆ ಲೇಯರ್ ಮಾಡಿ, ಪ್ರತಿ ತುಂಡನ್ನೂ ಅಚ್ಚಿನ ಗೆರೆಯ ಮೇಲಿಟ್ಟು ಆ ಜಾಗದ ಓರೆಗೆ ತಕ್ಕಂತೆ ತಿರುಗಿಸಬೇಕು. ಕಾಸಿನ ಸರದಲ್ಲಿ ಕಾಸುಗಳು ಒಂದರ ಮೇಲೊಂದು ಸ್ವಲ್ಪ ಹೊದ್ದಿರುವುದರಿಂದ ಕೂಡುವ ಜಾಗ ಮುಚ್ಚಿಹೋಗುತ್ತದೆ. ಯಾವ ಕಾಸು ಮೇಲಿದೆ ಎಂಬ ಕ್ರಮವನ್ನು ಮಾತ್ರ ಮೂಲದಲ್ಲಿರುವಂತೆಯೇ ಉಳಿಸಿ. ಎಡಗಡೆ ಹೊದಿಕೆ ಒಂದು ದಿಕ್ಕಿಗಿದ್ದು ಬಲಗಡೆ ಇನ್ನೊಂದು ದಿಕ್ಕಿಗಿರುವುದು ಕೆಲವು ವಿನ್ಯಾಸಗಳಲ್ಲಿ ಸಹಜ.

ಅಂದ ಹಾಗೆ, ಪಕ್ಕದ ಕಾಸುಗಳು ಪೂರ್ತಿ ದುಂಡಗಿದ್ದರೂ ತಪ್ಪೇ. ಕತ್ತಿನ ಮೂಲೆಯ ಹತ್ತಿರ ಕಾಸು ನಮ್ಮಿಂದ ಹಿಂದಕ್ಕೆ ತಿರುಗಿರುವುದರಿಂದ ಅದರ ಅಗಲ ಕುಗ್ಗಬೇಕು, ಎತ್ತರ ಹಾಗೆಯೇ ಇರಬೇಕು. ಕೊನೆಯ ಒಂದೆರಡು ಕಾಸುಗಳನ್ನು ಅರ್ಧದಷ್ಟು ಅಗಲಕ್ಕೆ ಇಳಿಸಿದರೂ ಹೆಚ್ಚಾಗುವುದಿಲ್ಲ.

ಮುಖ ನೇರವಾಗಿದೆ, ಆದರೆ ಮೈ ಓರೆಯಾಗಿದೆ. ಸರ ಯಾವುದನ್ನು ಅನುಸರಿಸಬೇಕು?

ಮೈಯನ್ನು. ಸರ ಹೆಗಲಿನ ಮೇಲೆ ಕೂತಿರುತ್ತದೆ, ತಲೆ ತಿರುಗಿಸಿದರೆ ಅದು ಜೊತೆಗೆ ತಿರುಗುವುದಿಲ್ಲ. ಗಂಟಲಿನ ಗುಳಿ ಗದ್ದದ ನೇರಕ್ಕೆ ಇಲ್ಲದಿದ್ದರೂ ಸರದ ನಡುಭಾಗ ಗುಳಿಯ ನೇರಕ್ಕೇ ಬರಬೇಕು. ನಮಗೆ ಹತ್ತಿರದ ಬದಿಯಲ್ಲಿ ಸರ ಉದ್ದವಾಗಿ ಕಾಣುತ್ತದೆ, ದೂರದ ಬದಿಯಲ್ಲಿ ಬೇಗನೆ ಕತ್ತಿನ ಹಿಂದೆ ಮರೆಯಾಗುತ್ತದೆ. ಅಲ್ಲಿ ಕಾಸುಗಳ ಸಂಖ್ಯೆಯನ್ನೇ ಕಡಿಮೆ ಮಾಡಿ. ಅಷ್ಟೇ ಕಾಸುಗಳನ್ನು ಒತ್ತಿ ಸೇರಿಸಲು ಹೋದರೆ ಸರ ಮುದುಡಿದಂತೆ ಕಾಣುತ್ತದೆ.

ತೂಗಾಡುವ ಪದಕದ ಲೆಕ್ಕ ಬೇರೆ. ಅದು ಭೂಮಿಯ ಕಡೆಗೆ ನೇರ ಇಳಿಯುತ್ತದೆ. ಹೆಗಲು ಒಂದು ಕಡೆ ಬಾಗಿದ್ದರೂ ಪದಕ ಬಾಗುವುದಿಲ್ಲ.

ಕೂದಲು, ಸೆರಗು ಮತ್ತು ಆಗಲೇ ಇರುವ ಕರಿಮಣಿಯನ್ನು ಏನು ಮಾಡುವುದು?

ಹೆಗಲ ಮೇಲೆ ಮುಂದಕ್ಕೆ ಬಿದ್ದ ಜಡೆ, ಮಲ್ಲಿಗೆಯ ದಂಡೆ, ಸೆರಗಿನ ಅಂಚು ಇವೆಲ್ಲ ಸರದ ಮೇಲೆ ಬರಬೇಕು. ಸರದ ಲೇಯರಿಗೆ ಮಾಸ್ಕ್ ಹಾಕಿ ಕಪ್ಪು ಬ್ರಶ್ಶಿನಿಂದ ಆ ಭಾಗವನ್ನು ಮರೆಮಾಡಿ. ಬಿಡಿ ಕೂದಲಿದ್ದರೆ ಬ್ರಶ್ಶನ್ನು 2 ಪಿಕ್ಸೆಲ್‌ಗೆ ಇಳಿಸಿ ಕೂದಲಿನ ದಿಕ್ಕಿನಲ್ಲೇ ಎಳೆಯಿರಿ.

ಕರಿಮಣಿಯನ್ನು ಕೇಳದೆ ಅಳಿಸಬೇಡಿ. ಮನೆಯವರಿಗೆ ಅದು ಒಡವೆಗಿಂತ ಹೆಚ್ಚಿನದು. ಸಾಮಾನ್ಯವಾಗಿ ಹೊಸ ಸರವನ್ನು ಅದರ ಮೇಲೆ ಹಾಯಿಸಿ, ಕರಿಮಣಿ ಎರಡು ಕಾಸುಗಳ ನಡುವಿನಿಂದ ಇಣುಕುವಂತೆ ಬಿಟ್ಟರೆ ಸಹಜವಾಗಿರುತ್ತದೆ. ಆಗ ಕಾಸಿನ ನೆರಳು ಕರಿಮಣಿಯ ಮೇಲೂ ಬೀಳಬೇಕು ಎಂಬುದನ್ನು ಮರೆಯಬೇಡಿ.

## ನೆರಳು

Drop Shadow ಹಾಕಿದೆ. ಆದರೂ ಸರ ಗಾಳಿಯಲ್ಲಿ ತೇಲುತ್ತಿದೆ. ಏಕೆ?

Drop Shadow ಎಲ್ಲ ಕಡೆ ಒಂದೇ ದೂರದಲ್ಲಿ, ಒಂದೇ ಮಸುಕಿನಲ್ಲಿ ನೆರಳು ಕೊಡುತ್ತದೆ. ಗೋಡೆಯ ಮುಂದೆ ತೂಗುಬಿಟ್ಟ ಕಾಗದಕ್ಕೆ ಆ ನೆರಳು ಸರಿ. ಮೈ ಮೇಲಿನ ಸರ ಒಂದು ಕಡೆ ಚರ್ಮಕ್ಕೆ ತಾಗಿರುತ್ತದೆ, ಇನ್ನೊಂದು ಕಡೆ ಅದರಿಂದ ಮೇಲೆದ್ದಿರುತ್ತದೆ. ತಾಗಿದ ಕಡೆ ನೆರಳು ಸರಕ್ಕೆ ಅಂಟಿಕೊಂಡಿರಬೇಕು, ಎದ್ದ ಕಡೆ ದೂರ ಸರಿದು ಮೆತ್ತಗಾಗಬೇಕು. ಸರ ತಾಗಿದೆಯೋ ಎದ್ದಿದೆಯೋ ಎಂದು ನೋಡುವವರಿಗೆ ಹೇಳುವುದು ಈ ವ್ಯತ್ಯಾಸವೇ.

ಹಾಗಾಗಿ ಎರಡು ನೆರಳು ಬೇಕು, ಎರಡಕ್ಕೂ ಬೇರೆ ಬೇರೆ ಲೇಯರ್. ಸರದ ಆಕಾರವನ್ನು ಆರಿಸಿ ಕಡು ಬಣ್ಣ ತುಂಬಿ, ಸರದ ಕೆಳಗಿಟ್ಟು Multiply ಮಾಡಿ. ಮೊದಲನೆಯದು ತಾಗುನೆರಳು. ಮಿಲಿಮೀಟರಿಗೆ 5 ಪಿಕ್ಸೆಲ್ ಇರುವ ನಮ್ಮ ಚಿತ್ರದಲ್ಲಿ ಅದನ್ನು 2 ಪಿಕ್ಸೆಲ್ ಸರಿಸಿ, Gaussian Blur 1.5 ಕೊಟ್ಟು, Opacity 55ರ ಸುಮಾರಿಗೆ ಇಡುತ್ತೇನೆ. ಎರಡನೆಯದು ಬೀಳುನೆರಳು. ಅದನ್ನು 7 ಪಿಕ್ಸೆಲ್ ಸರಿಸಿ, Blur 6, Opacity 25. ನಿಮ್ಮ ಚಿತ್ರದ ಅಳತೆ ಇದರ ಅರ್ಧವಾಗಿದ್ದರೆ ಸರಿಸುವ ದೂರವನ್ನೂ ಮಸುಕನ್ನೂ ಅರ್ಧ ಮಾಡಿ, Opacity ಹಾಗೆಯೇ ಇರಲಿ.

ಮುಖ್ಯ ಕೆಲಸ ಇನ್ನು ಮುಂದೆ. ಕೊರಳೆಲುಬಿನ ಹತ್ತಿರ ದೃಷ್ಟಿ ಇಟ್ಟು ನೋಡಿ. ಹೆಗಲಿನಿಂದ ಇಳಿಯುವ ಸರ ಎಲುಬಿನ ಮೇಲ್ಗಡೆ ಇರುವ ತಗ್ಗಿನ ಒಳಕ್ಕೆ ಇಳಿಯುವುದಿಲ್ಲ. ಬಿಗಿದ ದಾರದಂತೆ ತಗ್ಗನ್ನು ದಾಟಿ ಎಲುಬಿನ ಮೇಲೆ ಕೂರುತ್ತದೆ. ಆದ್ದರಿಂದ ತಗ್ಗಿನ ಮೇಲೆ ಬೀಳುನೆರಳು ಸರದಿಂದ ಬೇರ್ಪಟ್ಟು ಸ್ವಲ್ಪ ಹೊಟ್ಟೆಬಿಟ್ಟಂತೆ ಬಾಗಿ, ಎಲುಬಿನ ನೆತ್ತಿಯಲ್ಲಿ ಮತ್ತೆ ಸರವನ್ನು ಸೇರಬೇಕು. ಬೀಳುನೆರಳಿನ ಲೇಯರನ್ನು ಮಾತ್ರ `Edit > Transform > Warp` ತೆರೆದು ತಗ್ಗಿನ ಜಾಗದಲ್ಲಿ ನಾಲ್ಕೈದು ಪಿಕ್ಸೆಲ್ ಎಳೆದರೆ ಸಾಕು. ತಾಗುನೆರಳನ್ನು ಅದೇ ಜಾಗದಲ್ಲಿ ಮಾಸ್ಕಿನಿಂದ ಅಳಿಸಿ, ಎಲುಬಿನ ನೆತ್ತಿಯಲ್ಲಿ ಗಟ್ಟಿಯಾಗಿ ಉಳಿಸಿ. ಬದಲಾಗುವುದು ಬೆರಳಗಲದ ಜಾಗವಷ್ಟೇ, ಆದರೆ ಸರಕ್ಕೆ ತೂಕ ಬರುವುದು ಅಲ್ಲೇ.

ಕಾಸುಗಳ ಕೆಳಅಂಚು ಎದೆಯಿಂದ ಸ್ವಲ್ಪ ಎದ್ದಿರುತ್ತದೆ. ಅಲ್ಲಿಯೂ ಬೀಳುನೆರಳನ್ನು ತುಸು ಕೆಳಕ್ಕೆ ಎಳೆಯಬಹುದು.

ನೆರಳು ಯಾವ ಕಡೆ ಬೀಳಬೇಕು?

ಫೋಟೊದಲ್ಲೇ ಸಾಕ್ಷಿ ಇರುತ್ತದೆ. ಮೂಗಿನ ನೆರಳು ಯಾವ ಕೆನ್ನೆಯ ಕಡೆಗಿದೆ, ಗದ್ದದ ನೆರಳು ಕತ್ತಿನ ಯಾವ ಬದಿಗೆ ವಾಲಿದೆ, ಕಣ್ಣಿನಲ್ಲಿ ಮಿಂಚುವ ಬಿಳಿ ಚುಕ್ಕೆ ಎಲ್ಲಿದೆ ಎಂದು ನೋಡಿ. ನಮ್ಮ ಚಿತ್ರದಲ್ಲಿ ಚುಕ್ಕೆ ಎಡ ಮೇಲ್ಭಾಗದಲ್ಲಿದೆ, ಆದ್ದರಿಂದ ಸರದ ನೆರಳು ಬಲಕ್ಕೂ ಕೆಳಕ್ಕೂ ಸರಿಯುತ್ತದೆ. ಮದುವೆ ಮನೆಯ ಫೋಟೊಗಳಲ್ಲಿ ಎರಡು ದೀಪಗಳಿಂದ ಎರಡು ನೆರಳು ಬೀಳುವುದುಂಟು. ಗಟ್ಟಿಯಾದದ್ದನ್ನು ಹಿಡಿಯಿರಿ, ಇನ್ನೊಂದನ್ನು ಬಿಡಿ. ಮೋಡದ ದಿನ ಹೊರಗೆ ತೆಗೆದ ಚಿತ್ರದಲ್ಲಿ ಬೀಳುನೆರಳು ಬಹುತೇಕ ಇರುವುದೇ ಇಲ್ಲ, ತಾಗುನೆರಳು ಮಾತ್ರ ಸಾಕು.

ನೆರಳು ಮಸಿ ಹಚ್ಚಿದಂತೆ ಕಾಣುತ್ತದೆ.

ಕಪ್ಪನ್ನು ತುಂಬಿದ್ದೀರಿ. ಚರ್ಮದ ಮೇಲಿನ ನೆರಳು ಕಪ್ಪಲ್ಲ, ಅದು ಅದೇ ಚರ್ಮದ ಕೆಂಪು ಬೆರೆತ ಕಂದು. ಗದ್ದದ ಕೆಳಗಿನ ನೆರಳಿನಿಂದ Eyedropper ಬಳಸಿ ಬಣ್ಣ ತೆಗೆದುಕೊಂಡು ಅದನ್ನೇ ತುಂಬಿ. ನೆರಳು ರವಿಕೆಯ ಮೇಲೆ ಹಾದುಹೋಗುವ ಕಡೆ ಬಣ್ಣ ಬದಲಾಗಬೇಕು. ಹಸಿರು ರೇಷ್ಮೆಯ ಮೇಲೆ ಕಂದು ನೆರಳು ಕೊಳೆಯಂತೆ ಕಾಣುತ್ತದೆ. ಅಲ್ಲಿ ಬಟ್ಟೆಯ ಮಡಿಕೆಯೊಳಗಿನ ಕಡು ಹಸಿರನ್ನು ತೆಗೆದುಕೊಳ್ಳಿ.

ಗದ್ದದ ನೆರಳಿನೊಳಗೆ ಸರ ಹೋದರೆ?

ಕೊರಳಿಗೆ ಅಂಟಿ ಕೂರುವ ಅಡ್ಡಿಕೆಯಂಥ ಒಡವೆಗಳಿಗೆ ಇದು ತಪ್ಪಿದ್ದಲ್ಲ. ಕತ್ತು ಕತ್ತಲಲ್ಲಿದ್ದು ಅದರ ಮೇಲಿನ ಚಿನ್ನ ಮಾತ್ರ ಝಗಮಗಿಸಿದರೆ ಮೋಸ ಬಯಲಾಗುತ್ತದೆ. ಸರದ ಲೇಯರಿಗೆ ಮಾತ್ರ ಸೀಮಿತವಾಗುವಂತೆ Curves ಹಾಕಿ ಗದ್ದದ ನೆರಳಿನ ಗೆರೆಯವರೆಗೆ ಸರವನ್ನು ಕಂದಿಸಿ. ಮಾಸ್ಕಿನ ಅಂಚು ಆ ನೆರಳಿನ ಅಂಚಿನಷ್ಟೇ ಮೆತ್ತಗಿರಲಿ. ಅದರೊಳಗೆ ಬೀಳುನೆರಳನ್ನು ಪೂರ್ತಿ ಅಳಿಸಿ. ಮುಖ್ಯ ಬೆಳಕು ಮುಟ್ಟದ ಜಾಗದಲ್ಲಿ ಆ ಬೆಳಕಿನ ನೆರಳೂ ಇರುವುದಿಲ್ಲ.

## ಹೊಂದಿಸುವುದು ಮತ್ತು ಪರೀಕ್ಷಿಸುವುದು

ಬೆಳಕು ಎದುರು ಬದಿಯಿಂದಿದೆ. ಸರವನ್ನು ಎಡಬಲ ಮಗುಚಬಹುದೇ?

ಹೂಬಳ್ಳಿಯ ವಿನ್ಯಾಸವಾದರೆ ಧಾರಾಳವಾಗಿ ಮಗುಚಿ. ಲಕ್ಷ್ಮೀ ಕಾಸಿಗೆ ಮಾತ್ರ ಬೇಡ. ಅಭಯ ನೀಡುವ ಬಲಗೈ ಎಡಗೈಯಾಗುತ್ತದೆ, ಹಿರಿಯರು ಯಾರಾದರೂ ಅದನ್ನು ಗಮನಿಸಿಯೇ ಗಮನಿಸುತ್ತಾರೆ. ಅಕ್ಷರವಿರುವ ಪದಕಗಳಿಗೂ ಇದೇ ಮಾತು. ಮಗುಚುವ ಬದಲು Curves ಬಳಸಿ ಬೆಳಕಿನ ಕಡೆಯ ಕಾಸುಗಳನ್ನು ತುಸು ಬೆಳಗಿಸಿ, ಎದುರು ಬದಿಯವನ್ನು ಕಂದಿಸಿ. ಕ್ಯಾಟಲಾಗ್ ಚಿತ್ರಗಳಿಗೆ ಸಾಮಾನ್ಯವಾಗಿ ಎರಡೂ ಬದಿಯಿಂದ ಬೆಳಕು ಕೊಟ್ಟಿರುವುದರಿಂದ ಇದಕ್ಕೆ ಅವಕಾಶ ಇದ್ದೇ ಇರುತ್ತದೆ.

ಸರ ಮಾತ್ರ ಹೊಚ್ಚ ಹೊಸದಾಗಿ, ವಿಪರೀತ ಸ್ಪಷ್ಟವಾಗಿ ಕಾಣುತ್ತದೆ.

ಕ್ಯಾಟಲಾಗ್ ಚಿತ್ರಕ್ಕೆ ಸ್ಪಷ್ಟತೆಯನ್ನು ಹೆಚ್ಚಿಸಿರುತ್ತಾರೆ. ಭಾವಚಿತ್ರದಲ್ಲಿ ಕಣ್ಣಿಗೆ ಫೋಕಸ್ ಇದ್ದು ಎದೆಯ ಭಾಗ ಸ್ವಲ್ಪ ಮಸುಕಾಗಿರಬಹುದು. ರವಿಕೆಯ ಜರಿಯಂಚನ್ನು 100 ಶೇಕಡಾ ಗಾತ್ರದಲ್ಲಿ ನೋಡಿ, ಸರದ ಅಂಚು ಅದಕ್ಕಿಂತ ಚೂಪಾಗಿರಬಾರದು. ಸರಕ್ಕೆ Gaussian Blur 0.5ರಿಂದ 1ರವರೆಗೆ ಕೊಟ್ಟರೆ ಸಾಮಾನ್ಯವಾಗಿ ಹೊಂದುತ್ತದೆ. ಆಮೇಲೆ ಚರ್ಮದಲ್ಲಿರುವ ಕಣಕಣವನ್ನು ನೋಡಿ ಅಷ್ಟೇ ಪ್ರಮಾಣದ ಕಣವನ್ನು Add Noise ಮೂಲಕ, Monochromatic ಗುರುತು ಹಾಕಿ, ಸರಕ್ಕೂ ಸೇರಿಸಿ. ಮಸುಕು ಮೊದಲು, ಕಣ ಆಮೇಲೆ. ಹಿಂದುಮುಂದಾದರೆ ಹಾಕಿದ ಕಣವೂ ಮಸುಕಾಗುತ್ತದೆ.

ಬಣ್ಣಕ್ಕೆ ನನ್ನ ಅಳತೆಗೋಲು ಅವರ ಕಿವಿಯ ಓಲೆ. ಓಲೆ ಅಥವಾ ಬಳೆ ಚಿನ್ನದ್ದಾಗಿದ್ದರೆ, ಆ ಬೆಳಕಿನಲ್ಲಿ ಚಿನ್ನ ಹೇಗೆ ಕಾಣುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಮಾದರಿ ಸಿಗದು.

ಹಳೆಯ ಕಪ್ಪು ಬಿಳುಪು ಫೋಟೊಗೆ ಹೇಗೆ?

ಸರವನ್ನು ಮೊದಲು Black & White ಮೂಲಕ ಬಣ್ಣ ತೆಗೆಯಿರಿ. ಅಲ್ಲಿರುವ Yellows ಗುಂಡಿಯನ್ನು ಎಳೆದು ಚಿನ್ನ ಎಷ್ಟು ಬೆಳ್ಳಗಿರಬೇಕು ಎಂದು ನಿರ್ಧರಿಸಬಹುದು. ಹಳೆಯ ಫೋಟೊದಲ್ಲಿ ಅಚ್ಚ ಬಿಳಿಯೂ ಅಚ್ಚ ಕಪ್ಪೂ ಇರುವುದಿಲ್ಲ. ಕಣ್ಣಿನ ಬಿಳಿಗಿಂತ ಸರದ ಹೊಳಪು ತುಂಬ ಹೆಚ್ಚಾಗದಂತೆ Levels ಫಲಕದ ಕೆಳಗಿನ Output ಪಟ್ಟಿಯಲ್ಲಿ ಎರಡೂ ತುದಿಗಳನ್ನು ಒಳಕ್ಕೆ ತನ್ನಿ. ಕಂದು ಛಾಯೆಯ ಫೋಟೊ ಆದರೆ ಆ ಛಾಯೆಯನ್ನು ಕೊನೆಯಲ್ಲಿ ಇಡೀ ಚಿತ್ರಕ್ಕೆ ಒಂದೇ ಸಲ ಹಾಕಿ. ಸರಕ್ಕೆ ಬೇರೆ, ಮುಖಕ್ಕೆ ಬೇರೆ ಹಾಕಿದರೆ ಎರಡು ಕಂದುಗಳು ಎಂದೂ ಒಂದಾಗುವುದಿಲ್ಲ.

ಸರಿಯಾಗಿದೆ ಎಂದು ತಿಳಿಯುವುದು ಹೇಗೆ? ನೋಡಿ ನೋಡಿ ಕಣ್ಣೇ ಸೋತಿದೆ.

ಚಿತ್ರವನ್ನು ಎಡಬಲ ಮಗುಚಿ ನೋಡಿ. ಬಾಗು ಒಂದು ಕಡೆ ಜೋತಿದ್ದರೆ ತಕ್ಷಣ ಕಾಣುತ್ತದೆ. ಬಳಿಕ ಬೆರಳುಗುರಿನಷ್ಟು ಚಿಕ್ಕದು ಮಾಡಿ ನೋಡಿ. ಮುಖಕ್ಕಿಂತ ಮೊದಲು ಸರ ಕಣ್ಣಿಗೆ ಬಿದ್ದರೆ ಅದರ ಹೊಳಪು ಹೆಚ್ಚಾಗಿದೆ ಎಂದರ್ಥ. ಕೊನೆಗೆ ಮೇಲೊಂದು Curves ಲೇಯರ್ ಹಾಕಿ ಕತ್ತಲ ಭಾಗಗಳನ್ನು ವಿಪರೀತ ಬೆಳಗಿಸಿ. ಸರದ ಅಕ್ಕಪಕ್ಕ ಸರಿಯಾಗಿ ಅಳಿಸದ ಮಾಸ್ಕಿನ ಚೂರುಗಳು, ಕತ್ತರಿಸಿದಂತೆ ನಿಂತ ನೆರಳಿನ ಅಂಚುಗಳು ಎದ್ದು ಬರುತ್ತವೆ. ತಿದ್ದಿ, ಆ ಲೇಯರನ್ನು ತೆಗೆದುಹಾಕಿ.

ಪರದೆಯಲ್ಲಿ ಚೆನ್ನಾಗಿತ್ತು, ಮುದ್ರಣದಲ್ಲಿ ನೆರಳು ದಟ್ಟವಾಯಿತು.

ಪರದೆ ಬೆಳಕನ್ನು ಹೊಮ್ಮಿಸುತ್ತದೆ, ಕಾಗದ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ಅದರಲ್ಲೂ ಪರದೆಯ ಬೆಳಕನ್ನು ಪೂರ್ತಿ ಏರಿಸಿ ಕೆಲಸ ಮಾಡಿದ್ದರೆ ಮುದ್ರಣ ಕಪ್ಪಾಗಿಯೇ ಬರುತ್ತದೆ. ಮ್ಯಾಟ್ ಕಾಗದದಲ್ಲಿ ನೆರಳಿನ ಒಳಗಿನ ವಿವರಗಳು ಇನ್ನಷ್ಟು ಕೂಡಿಕೊಳ್ಳುತ್ತವೆ, ತಾಗುನೆರಳೂ ಬೀಳುನೆರಳೂ ಒಂದೇ ಪಟ್ಟಿಯಾಗುತ್ತವೆ. ಪೂರ್ತಿ ಚಿತ್ರವನ್ನು ಮುದ್ರಿಸುವ ಮೊದಲು ಗದ್ದದಿಂದ ಎದೆಯವರೆಗಿನ ಭಾಗವನ್ನು ಮಾತ್ರ ಕತ್ತರಿಸಿ, ಅದೇ ಕಾಗದದ ಮೇಲೆ, ಅದೇ ಅಳತೆಯಲ್ಲಿ ಒಂದು ತುಣುಕು ಹಾಕಿಸಿ. ಅದನ್ನು ಹಗಲು ಬೆಳಕಿನಲ್ಲಿ ಹಿಡಿದು ನೋಡಿ, ದಟ್ಟವೆನಿಸಿದರೆ ಬೀಳುನೆರಳನ್ನು 25ರಿಂದ 18ಕ್ಕೆ ಇಳಿಸಿ. ತಾಗುನೆರಳನ್ನು ಮುಟ್ಟಬೇಡಿ, ಅದು ಹೋದರೆ ಸರ ಮತ್ತೆ ತೇಲತೊಡಗುತ್ತದೆ. ಲೇಯರುಗಳೆಲ್ಲ ಇರುವ ಕಡತವನ್ನು ಗ್ರಾಹಕರು ಫೋಟೊ ಒಯ್ಯುವವರೆಗೂ ಉಳಿಸಿಟ್ಟುಕೊಳ್ಳಿ, ಏಕೆಂದರೆ "ಸರ ಒಂದಿಷ್ಟು ಕೆಳಗಿದ್ದರೆ ಚೆನ್ನಾಗಿತ್ತು" ಎಂಬ ಮಾತು ಬರುವುದು ಚೌಕಟ್ಟು ಹಾಕಿದ ಮೇಲೆಯೇ.